ಆರನೇ ಕಟಿಂಗ್ ಪುಕ್ಕಟೆ ಕೊಟ್ಟರೆ ಗಲ್ಲಾದಿಂದ ಹೋಗುವುದೆಷ್ಟು? ಮೂರು ಕುರ್ಚಿಯ ಸಲೂನಿನ ಪ್ರಕರಣ

ಮೈಸೂರಿನ ಒಂದು ಬಡಾವಣೆ. ಮುಖ್ಯರಸ್ತೆಯಿಂದ ಒಂದು ಅಡ್ಡರಸ್ತೆ ಒಳಗೆ ಮೂರು ಕುರ್ಚಿಯ ಗಂಡಸರ ಸಲೂನು. ಒಂದು ಕುರ್ಚಿಯಲ್ಲಿ ಮಾಲೀಕರೇ ನಿಲ್ಲುತ್ತಾರೆ, ಉಳಿದೆರಡರಲ್ಲಿ ಅರ್ಧಕ್ಕರ್ಧ ಪರ್ಸೆಂಟೇಜಿನ ಮೇಲೆ ಇಬ್ಬರು ಕೆಲಸದವರು. ಇಂಥ ಅಂಗಡಿಗಳ ಲೆಕ್ಕ ಸಾಮಾನ್ಯವಾಗಿ ಹೇಗಿರುತ್ತದೋ ಹಾಗೆ ಅಂಕಿಗಳನ್ನು ದುಂಡಗೆ ಮಾಡಿ ಕಟ್ಟಿದ ಮಾದರಿ ಇದು. ನಿಮ್ಮ ಬಾಡಿಗೆ, ನಿಮ್ಮ ದರ ಹಾಕಿಕೊಂಡರೆ ಮೊತ್ತ ಬದಲಾಗುತ್ತದೆ. ಲೆಕ್ಕ ಮಾಡುವ ದಾರಿ ಮಾತ್ರ ಅದೇ.

ಸಮಸ್ಯೆ ಇಷ್ಟು: ಎದುರು ಸಾಲಿನಲ್ಲಿ ಹೊಸ ಸಲೂನು ತೆರೆಯಿತು. ಗಿರಾಕಿ ಕೈತಪ್ಪದಿರಲಿ ಎಂದು ಮಾಲೀಕರು "ಐದು ಕಟಿಂಗ್ ಮಾಡಿಸಿ, ಆರನೆಯದು ಫ್ರೀ" ಎಂಬ ಕಾರ್ಡು ಅಚ್ಚು ಹಾಕಿಸಿದರು. ಕೆಲವು ತಿಂಗಳಲ್ಲಿ ಅಂಗಡಿಯೇನೋ ತುಂಬಿದಂತೆ ಕಂಡಿತು, ತಿಂಗಳ ಕೊನೆಗೆ ಉಳಿಯುವ ದುಡ್ಡು ಮಾತ್ರ ಕಮ್ಮಿಯಾಯಿತು. ಕಾರ್ಡನ್ನು ನಿಲ್ಲಿಸಿಬಿಡುವುದೇ, ಇಲ್ಲ ಬೇರೆ ಥರ ಮಾಡುವುದೇ ಎಂಬುದು ಪ್ರಶ್ನೆ.

ಮೊದಲು ತಿಂಗಳ ಲೆಕ್ಕ

ಮಂಗಳವಾರ ರಜೆ. ಹಾಗಾಗಿ ತಿಂಗಳಿಗೆ 26 ದಿನ ಬಾಗಿಲು ತೆರೆದಿರುತ್ತದೆ. ನಾಲ್ಕು ಭಾನುವಾರಗಳಲ್ಲಿ ದಿನಕ್ಕೆ ಸುಮಾರು 50 ಗಿರಾಕಿಗಳಂತೆ 200. ಉಳಿದ 22 ದಿನಗಳಲ್ಲಿ ದಿನಕ್ಕೆ ಸರಾಸರಿ 16ರಂತೆ ಸುಮಾರು 350. ಒಟ್ಟು 550 ಬಾರಿ ಯಾರೋ ಒಬ್ಬರು ಕುರ್ಚಿಯಲ್ಲಿ ಕೂರುತ್ತಾರೆ. ಕಟಿಂಗ್ 150 ರೂಪಾಯಿ, ಮಕ್ಕಳ ಕಟಿಂಗ್ 120, ಶೇವಿಂಗ್ 80, ತಲೆ ಮಸಾಜ್ 100, ತಲೆಗೆ ಬಣ್ಣ 250. ಒಬ್ಬರ ಬಿಲ್ಲು ಸರಾಸರಿ 180 ಬೀಳುತ್ತದೆ ಎಂದಿಟ್ಟುಕೊಂಡರೆ ತಿಂಗಳ ವ್ಯಾಪಾರ 99,000 ರೂಪಾಯಿ.

ಇದರಲ್ಲಿ ಇಬ್ಬರು ಕೆಲಸದವರು ಮಾಡಿದ ಕೆಲಸ 72,000. ಅವರ ಪಾಲು 36,000. ಬಾಡಿಗೆ 15,000. ಬ್ಲೇಡು, ಫೋಮು, ಬಣ್ಣ, ಟಿಶ್ಯೂ, ಟವೆಲ್ ಒಗೆಸುವುದು ಎಲ್ಲ ಸೇರಿ 8,000. ಕರೆಂಟು, ನೀರು 3,500. ಕ್ಲಿಪ್ಪರ್ ರಿಪೇರಿ, ಕಸ ಗುಡಿಸುವವರು, ಕಾಫಿ, ರೀಚಾರ್ಜು ಅಂತ 4,500. ಒಟ್ಟು ಖರ್ಚು 67,000 ಹೋಗಿ 32,000 ಉಳಿಯುತ್ತದೆ.

ಈ 32,000ವನ್ನೇ ಲಾಭ ಅಂದುಕೊಳ್ಳುವುದರಲ್ಲಿ ಮೊದಲ ತಪ್ಪಿದೆ. ಮಾಲೀಕರು ತಾವೇ ನಿಂತು 27,000 ರೂಪಾಯಿಯ ಕೆಲಸ ಮಾಡಿದ್ದಾರೆ. ಆ ಕುರ್ಚಿಗೆ ಇನ್ನೊಬ್ಬರನ್ನು ಇಟ್ಟಿದ್ದರೆ 13,500 ಕೊಡಬೇಕಾಗುತ್ತಿತ್ತು. ಅದು ಅವರ ಕೂಲಿ. ಅದನ್ನು ಕಳೆದರೆ ಅಂಗಡಿ ದುಡಿದದ್ದು 18,500, ಅಂದರೆ ವ್ಯಾಪಾರದ ಶೇ. 19ಕ್ಕೂ ಒಂದು ಕೂದಲು ಕಡಿಮೆ. ಕೆಲಸದವರ ಪಾಲು ಕಡಿಮೆ ಮಾಡದೆ ಎಲ್ಲರಿಗೂ ಶೇ. 10 ರಿಯಾಯಿತಿ ಎಂದು ಬೋರ್ಡು ಹಾಕಿದರೆ 9,900 ಹೋಗುತ್ತದೆ. ಲಾಭದ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಮುಗಿಯಿತು. ಶೇಕಡಾ ಹತ್ತು ಎಂಬುದು ಬಾಯಲ್ಲಿ ಚಿಕ್ಕದು, ಗಲ್ಲಾದಲ್ಲಿ ದೊಡ್ಡದು.

ವರ್ಷದ ವ್ಯಾಪಾರ 12 ಲಕ್ಷದೊಳಗೆ ಇರುವುದರಿಂದ ಈ ಅಂಗಡಿಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಸೇವೆಗೆ ಮಿತಿ 20 ಲಕ್ಷ. ಅದಕ್ಕಿಂತ ದೊಡ್ಡ ಸಲೂನಾದರೆ 2025ರ ಸೆಪ್ಟೆಂಬರ್ 22ರಿಂದ ದರ ಶೇ. 18ರ ಬದಲು ಶೇ. 5 ಆಗಿದೆ, ಆದರೆ ಎಣ್ಣೆ, ಬಣ್ಣ ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಹೊಂದಿಸಿಕೊಳ್ಳಲು ಬರುವುದಿಲ್ಲ. ಸಾಮಾನಿನ ಖರ್ಚು ಹಾಕುವಾಗ ತೆರಿಗೆ ಸೇರಿದ ಬೆಲೆಯನ್ನೇ ಹಿಡಿಯಬೇಕು.

ಹಳೆಯ ಕಾರ್ಡು ಸೋರಿದ್ದೆಲ್ಲಿ

ಐದಕ್ಕೊಂದು ಪುಕ್ಕಟೆ ಎಂದರೆ ಆರರಲ್ಲಿ ಒಂದು ಹೋಯಿತು, ಶೇ. 17ರಷ್ಟು ರಿಯಾಯಿತಿ ಎಂದು ಮಾಲೀಕರು ಲೆಕ್ಕ ಹಾಕಿದ್ದರು. ದರದ ಮೇಲೆ ಅದು ಸರಿ, ಉಳಿಕೆಯ ಮೇಲೆ ಸರಿಯಲ್ಲ.

150 ರೂಪಾಯಿಯ ಕಟಿಂಗಿನಲ್ಲಿ ಕೆಲಸದವರಿಗೆ 75. ಬ್ಲೇಡು, ಟಿಶ್ಯೂ, ಪೌಡರು, ಟವೆಲಿಗೆ ಹತ್ತು. ಬಾಡಿಗೆ, ಕರೆಂಟಿಗೆ, ಲಾಭಕ್ಕೆ ಎಂದು ಗಲ್ಲಾದಲ್ಲಿ ಉಳಿಯುವುದು 65. ಆರು ಕಟಿಂಗಿಗೂ ದುಡ್ಡು ಬಂದಿದ್ದರೆ 390 ಉಳಿಯುತ್ತಿತ್ತು. ಈಗ ಐದರಿಂದ 325 ಬರುತ್ತದೆ. ಆರನೆಯದಕ್ಕೆ ಬಂದದ್ದು ಸೊನ್ನೆ, ಆದರೆ ಕೆಲಸದವನ 75 ಮತ್ತು ಸಾಮಾನಿನ 10 ಮಾಲೀಕರೇ ಕೈಯಿಂದ ಹಾಕಬೇಕು. 325ರಲ್ಲಿ 85 ಕಳೆದರೆ 240. ಅಂದರೆ ಉಳಿಕೆಯಲ್ಲಿ ಶೇ. 38 ಹೋಯಿತು.

ಅಂಗಡಿಯಲ್ಲಿ ಜಗಳ ಶುರುವಾದದ್ದೂ ಆ 75ರ ಮೇಲೆಯೇ. ಮೊದಮೊದಲು ಮಾಲೀಕರು "ಫ್ರೀ ಕಟಿಂಗಿಗೆ ಪರ್ಸೆಂಟೇಜ್ ಇಲ್ಲ, ಅಂಗಡಿಗೋಸ್ಕರ ಮಾಡಿಕೊಡಿ" ಎಂದರು. ಅರ್ಧ ಗಂಟೆ ನಿಂತು ಕೆಲಸ ಮಾಡಿ ಕೈಗೆ ಏನೂ ಬಾರದಿದ್ದರೆ ಯಾವ ಕೆಲಸದವನೂ ಏನು ಮಾಡುತ್ತಾನೋ ಅದೇ ಆಯಿತು. ಕಾರ್ಡು ತುಂಬಿದವರು ಬಂದರೆ ಒಬ್ಬ "ಇವತ್ತು ರಶ್ ಇದೆ ಅಣ್ಣಾ, ನಾಳೆ ಬನ್ನಿ" ಎನ್ನುತ್ತಿದ್ದ. ಇನ್ನೊಬ್ಬ ಕೂರಿಸಿಕೊಳ್ಳುತ್ತಿದ್ದ, ಹತ್ತೇ ನಿಮಿಷದಲ್ಲಿ ಮಷೀನು ಓಡಿಸಿ ಎಬ್ಬಿಸುತ್ತಿದ್ದ. ಆರು ತಿಂಗಳು ನಂಬಿ ಬಂದ ಗಿರಾಕಿಗೆ ಬಹುಮಾನದ ದಿನವೇ ಕೆಟ್ಟ ಕಟಿಂಗ್. ಗಿರಾಕಿಯನ್ನು ಉಳಿಸಿಕೊಳ್ಳಲು ಮಾಡಿದ ಕಾರ್ಡು ಅವನನ್ನು ಎದುರಿನ ಅಂಗಡಿಗೆ ಕಳಿಸುವ ಬಗೆ ಇದು. ಅಂಗಡಿ ಯಾವುದೇ ಆಗಲಿ, ಕಾರ್ಡು ತುಂಬಿದ ಮೇಲೆ ಗಿರಾಕಿ ಮತ್ತೆ ಬರಲಿಲ್ಲ ಎಂದರೆ ಮೊದಲು ನೋಡಬೇಕಾದದ್ದು ಆ ದಿನ ಅವನ ತಲೆಗೆ ಕೈಯಿಟ್ಟವನಿಗೆ ದುಡ್ಡು ಸಿಕ್ಕಿತೇ ಎಂಬುದನ್ನು.

ಎರಡನೇ ತೂತು ಭಾನುವಾರದ್ದು. ಕಾರ್ಡಿನ ಮೇಲೆ ದಿನದ ಮಾತೇ ಇರಲಿಲ್ಲ. ಪುಕ್ಕಟೆ ಕಟಿಂಗುಗಳಲ್ಲಿ ಹೆಚ್ಚಿನವು ಭಾನುವಾರ ಬೆಳಿಗ್ಗೆ 8ರಿಂದ 1 ಗಂಟೆಯೊಳಗೆ, ಬೆಂಚಿನ ಮೇಲೆ ಜಾಗವಿಲ್ಲದೆ ಜನ ಬಾಗಿಲಲ್ಲಿ ಇಣುಕಿ ಹೋಗುವ ಹೊತ್ತಿನಲ್ಲೇ ಬಿದ್ದವು. ಅದೇ ಕುರ್ಚಿ ಸೋಮವಾರ, ಬುಧವಾರ, ಗುರುವಾರ ಗಂಟೆಗಟ್ಟಲೆ ಖಾಲಿ. ಮೂರು ಕುರ್ಚಿ ದಿನಕ್ಕೆ 12 ಗಂಟೆ ಎಂದರೆ 36 ಕುರ್ಚಿ-ಗಂಟೆ. ವಾರದ ದಿನ 16 ಗಿರಾಕಿಗಳಿಗೆ ಬೇಕಾಗುವುದು ಎಂಟೇ ಗಂಟೆ. ಬಾಡಿಗೆ ಕೊಟ್ಟಾಗಿರುವ ಈ ಖಾಲಿ ಹೊತ್ತೇ ಅಂಗಡಿಯ ಹತ್ತಿರ ಅಗ್ಗವಾಗಿ ಬಿದ್ದಿರುವ ಸರಕು. ಬಹುಮಾನವನ್ನು ಇದರಿಂದ ಕೊಡಬೇಕಿತ್ತು, ಭಾನುವಾರದಿಂದಲ್ಲ.

ಮೂರನೆಯದು ಕಣ್ಣಿಗೆ ಬೀಳದ್ದು. ತಿಂಗಳಿಗೊಮ್ಮೆ ತಪ್ಪದೆ ಬರುವವರೇ ಮೊದಲು ಕಾರ್ಡು ತುಂಬಿಸುತ್ತಾರೆ. ಕಾರ್ಡು ಇರಲಿ ಬಿಡಲಿ, ಅವರು ಬರುತ್ತಿದ್ದರು. ಒಂದೂವರೆ ತಿಂಗಳಿಗೆ ಒಮ್ಮೆ ಬರುವವನನ್ನು ಸ್ವಲ್ಪ ಬೇಗ ಬರುವಂತೆ ಮಾಡುವ ಯಾವ ಗುಣವೂ ಹಳೆಯ ಕಾರ್ಡಿನಲ್ಲಿ ಇರಲಿಲ್ಲ, ಏಕೆಂದರೆ ಅದಕ್ಕೆ ಅವಧಿಯೇ ಇರಲಿಲ್ಲ.

ನೋಟ್‌ಬುಕ್ಕಿನಲ್ಲಿ ಎರಡು ತಿಂಗಳು

ಹೊಸ ಕಾರ್ಡು ಬರೆಯುವ ಮೊದಲು ಗಲ್ಲಾದ ಪಕ್ಕ ಒಂದು ಉದ್ದ ನೋಟ್‌ಬುಕ್ ಇಡಬೇಕು. ಐದು ಕಾಲಮ್ಮು ಸಾಕು: ತಾರೀಖು, ಹೆಸರು, ಮೊಬೈಲಿನ ಕೊನೆಯ ನಾಲ್ಕು ಅಂಕಿ, ಮಾಡಿದ ಕೆಲಸ ಮತ್ತು ದುಡ್ಡು, ಯಾರು ಮಾಡಿದರು. ಎರಡು ವಾರದ ಬರಹದಿಂದ ಯಾವ ದಿನ ಖಾಲಿ ಎಂಬುದು ಗೊತ್ತಾಗುತ್ತದೆ. ಗಿರಾಕಿ ಎಷ್ಟು ದಿನಕ್ಕೊಮ್ಮೆ ಬರುತ್ತಾನೆ ಎಂಬುದು ಗೊತ್ತಾಗಲು ಎರಡು ತಿಂಗಳಾದರೂ ಬೇಕು. ಕಾರ್ಡು ಕೊಡುವ ಮೊದಲಿನ ಈ ಅಂತರ ಬರೆದಿಡದಿದ್ದರೆ ಆಮೇಲೆ ಯೋಜನೆ ಕೆಲಸ ಮಾಡಿತೋ ಇಲ್ಲವೋ ಹೇಳಲು ಯಾವ ದಾರಿಯೂ ಇರುವುದಿಲ್ಲ.

ಇದನ್ನು ಶ್ರಾವಣದಲ್ಲಿ, ಪಿತೃಪಕ್ಷದಲ್ಲಿ ಶುರು ಮಾಡಬಾರದು. ಆ ದಿನಗಳಲ್ಲಿ ಕೂದಲು ತೆಗೆಸದ ಮನೆಗಳು ಬಹಳ, ಹಾಗಾಗಿ ಅಂತರ ಸುಳ್ಳೇ ಉದ್ದವಾಗಿ ಕಾಣುತ್ತದೆ. ಶನಿವಾರ, ಅಮಾವಾಸ್ಯೆಗಳೂ ಹಾಗೆಯೇ. ಖಾಲಿ ಎಂದು ಕಂಡರೂ ಅವು ಬಹುಮಾನ ಇಟ್ಟು ತುಂಬಿಸಬಹುದಾದ ದಿನಗಳಲ್ಲ. ಬೇಡ ಎಂದು ಬಾರದವನನ್ನು ಮಸಾಜ್ ತೋರಿಸಿ ಕರೆಯಲಾಗದು.

ಈ ಅಂಗಡಿಯಲ್ಲಿ ಗಿರಾಕಿಗಳು ಮೂರು ಬಗೆಯಾಗಿ ಬೀಳುತ್ತಾರೆ. 30 ದಿನದ ಆಸುಪಾಸು ಬರುವವರು, 45 ದಿನದ ಆಸುಪಾಸು ಬರುವವರು, ಮತ್ತು ವಾರಕ್ಕೊಮ್ಮೆ ಶೇವಿಂಗಿಗೆ ಬರುವ ಹಿರಿಯರು. ಹೊಸ ಕಾರ್ಡಿನ ಗುರಿ ನಡುವಿನವರು. 45 ದಿನಕ್ಕೊಮ್ಮೆ ಬರುವವನು ವರ್ಷಕ್ಕೆ ಎಂಟು ಸಲ ಬರುತ್ತಾನೆ. 36 ದಿನಕ್ಕೆ ತಂದರೆ ಹತ್ತು ಸಲ. ಸರಾಸರಿ 180ರ ಬಿಲ್ಲಿನಲ್ಲಿ ಕೆಲಸದವರ 90, ಸಾಮಾನಿನ 15 ಕಳೆದು ಉಳಿಯುವುದು 75. ಎರಡು ಹೆಚ್ಚುವರಿ ಸಲಕ್ಕೆ 150 ರೂಪಾಯಿ. ಒಬ್ಬ ಗಿರಾಕಿಯ ನಡತೆ ಬದಲಾದರೆ ಒಂದು ವರ್ಷಕ್ಕೆ ಸಿಗುವುದು ಇಷ್ಟೇ. ಬಹುಮಾನಕ್ಕೆ ಖರ್ಚು ಮಾಡಲು ಇರುವ ಜಾಗವೂ ಇದರೊಳಗೇ ಇದೆ.

ಹೊಸ ಕಾರ್ಡು

ಪುಕ್ಕಟೆ ಕಟಿಂಗ್ ತೆಗೆದು ಅದರ ಜಾಗಕ್ಕೆ ಎಣ್ಣೆ ಹಚ್ಚಿ ಮಾಡುವ ಹನ್ನೆರಡು ನಿಮಿಷದ ತಲೆ ಮಸಾಜ್ ಇಡಲಾಯಿತು. ದರಪಟ್ಟಿಯಲ್ಲಿ ಅದರ ಬೆಲೆ 100. ಅಂಗಡಿಗೆ ಬೀಳುವುದು ಎಣ್ಣೆ, ಟವೆಲಿಗೆ ಸುಮಾರು 8, ಕೆಲಸದವರಿಗೆ ಗೊತ್ತು ಮಾಡಿದ 40, ಒಟ್ಟು 48. ಮಾಲೀಕರೇ ಮಾಡಿದರೆ ಕೈಬಿಟ್ಟು ಹೋಗುವುದು ಎಂಟೇ ರೂಪಾಯಿ.

ಬಹುಮಾನಕ್ಕೆ ಮಸಾಜೇ ಏಕೆ ಎಂದರೆ, ದುಡ್ಡು ಕೊಟ್ಟು ಮಸಾಜ್ ಮಾಡಿಸಿಕೊಳ್ಳುವವರು ಈ ಅಂಗಡಿಯಲ್ಲಿ ಕಡಿಮೆ. ಕಟಿಂಗ್ ಪುಕ್ಕಟೆ ಕೊಟ್ಟರೆ ಹೇಗೂ ಬರುತ್ತಿದ್ದ ದುಡ್ಡನ್ನು ಬಿಟ್ಟುಕೊಟ್ಟಂತೆ. ಮಸಾಜ್ ಕೊಟ್ಟರೆ ಬಾರದಿದ್ದ ದುಡ್ಡನ್ನು ಬಿಟ್ಟಂತೆ. ಒಮ್ಮೆ ರುಚಿ ಹತ್ತಿದವರಲ್ಲಿ ಕೆಲವರು ಮುಂದೆ ದುಡ್ಡು ಕೊಟ್ಟೇ ಕೇಳುತ್ತಾರೆ. ನಿಮ್ಮ ಅಂಗಡಿಯಲ್ಲಿ ಮಸಾಜೇ ಚೆನ್ನಾಗಿ ಓಡುತ್ತಿದ್ದರೆ ಅದನ್ನು ಬಹುಮಾನ ಮಾಡಬೇಡಿ. ಓಡದಿರುವ, ಸಾಮಾನು ಕಡಿಮೆ ಬೇಡುವ, ಕಾಲು ಗಂಟೆಯೊಳಗೆ ಮುಗಿಯುವ ಬೇರೆ ಕೆಲಸ ಹುಡುಕಿ. ಬಣ್ಣ ಹಚ್ಚುವುದು ಖಂಡಿತ ಬೇಡ, ಅದರಲ್ಲಿ ಸಾಮಾನಿನ ಖರ್ಚೇ ಹೆಚ್ಚು.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಮಸಾಜ್ ಎಂದರೆ ತಲೆ ಮತ್ತು ಭುಜ ಮಾತ್ರ. ಕುತ್ತಿಗೆ ಹಿಡಿದು ಫಟ್ಟನೆ ತಿರುಗಿಸಿ ನಟಿಕೆ ತೆಗೆಯುವ ಅಭ್ಯಾಸ ನಮ್ಮ ಸಲೂನುಗಳಲ್ಲಿ ಇದೆ. ಗಿರಾಕಿಗಳೇ ಕೇಳುತ್ತಾರೆ ಕೂಡ. ಹಾಗೆ ತಿರುಗಿಸಿದಾಗ ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆಗಬಹುದು. ಅಂಗಡಿಯೇ ಬಹುಮಾನ ಎಂದು ಕೊಡುವ ಕೆಲಸದಲ್ಲಿ ಇದು ಇರಲೇಬಾರದೆಂದು ಇಬ್ಬರಿಗೂ ಮೊದಲೇ ಹೇಳಿಬಿಡಬೇಕು.

ಕಾರ್ಡಿನಲ್ಲಿ ಎಂಟು ಮನೆ. ಕೊಡುವ ದಿನವೇ ಎರಡು ಮನೆಗೆ ಗುರುತು ಹಾಕಿ ಕೊಡಲಾಗುತ್ತದೆ, ಗಿರಾಕಿ ತುಂಬಬೇಕಾದದ್ದು ಆರು. ಆರು ಮನೆಯ ಕಾರ್ಡನ್ನೇ ಖಾಲಿ ಕೊಟ್ಟರಾಗದೇ ಎಂದರೆ, ಲೆಕ್ಕಕ್ಕೆ ಎರಡೂ ಒಂದೇ, ಮನಸ್ಸಿಗೆ ಅಲ್ಲ. ಅಮೆರಿಕದಲ್ಲಿ ಕಾರು ತೊಳೆಯುವ ಅಂಗಡಿಯೊಂದರಲ್ಲಿ 300 ಗಿರಾಕಿಗಳ ಮೇಲೆ ಇದನ್ನು ನೋಡಿ 2006ರಲ್ಲಿ ಪ್ರಕಟಿಸಿದ್ದಾರೆ. ಎಂಟು ಖಾಲಿ ಮನೆಯ ಕಾರ್ಡು ಪಡೆದವರಲ್ಲಿ ಶೇ. 19 ಮಂದಿ ಮುಗಿಸಿದರೆ, ಹತ್ತು ಮನೆಯಲ್ಲಿ ಎರಡು ತುಂಬಿಸಿ ಕೊಟ್ಟವರಲ್ಲಿ ಶೇ. 34 ಮಂದಿ ಮುಗಿಸಿದರು. ಶುರುವಾಗಿರುವ ಕೆಲಸವನ್ನು ಅರ್ಧಕ್ಕೆ ಬಿಡಲು ಮನಸ್ಸಾಗುವುದಿಲ್ಲ, ಅಷ್ಟೇ. ಆದರೆ ಹೆಚ್ಚು ಜನ ಮುಗಿಸಿದರೆ ಖರ್ಚೂ ಹೆಚ್ಚು ಎಂಬುದನ್ನು ಮರೆಯಬಾರದು. ಬಹುಮಾನ 48 ರೂಪಾಯಿಯದ್ದು ಆಗಿರುವಾಗ ಈ ಉಪಾಯ ಸರಿ, 150ರದ್ದು ಆಗಿದ್ದರೆ ಅದೇ ಉಪಾಯ ಅಂಗಡಿಗೆ ಮುಳ್ಳು.

ಕಾರ್ಡಿನ ಆಯುಸ್ಸು ಗಿರಾಕಿ ತುಂಬುವ ಮೊದಲ ಗುರುತಿನಿಂದ 210 ದಿನ. ಆರು ಸಲ ಬರುವುದರ ನಡುವೆ ಐದು ಅಂತರ. 30 ದಿನದವನು 150 ದಿನಕ್ಕೆ ಮುಗಿಸುತ್ತಾನೆ. 45 ದಿನದವನಿಗೆ 225 ದಿನ ಬೇಕು. ಹದಿನೈದು ದಿನದಲ್ಲಿ ತಪ್ಪಿಹೋಗುತ್ತದೆ. ಸ್ವಲ್ಪ ಕಾಲು ಎತ್ತಿ ಹಾಕಿದರೆ ಸಿಗುತ್ತದೆ ಎಂಬಷ್ಟು ಹತ್ತಿರ ಇಡಬೇಕು. 150 ದಿನ ಅಂತ ಬಿಗಿ ಮಾಡಿದ್ದರೆ ಅವನು ಮೂರನೇ ಸಲಕ್ಕೇ ಕೈಚೆಲ್ಲುತ್ತಿದ್ದ. ಒಂದು ವರ್ಷ ಕೊಟ್ಟಿದ್ದರೆ ಬೇಗ ಬರಲು ಕಾರಣವೇ ಇರುತ್ತಿರಲಿಲ್ಲ. ನಿಮ್ಮ ನೋಟ್‌ಬುಕ್ಕಿನಲ್ಲಿ ನಡುವಿನವರ ಅಂತರ 40 ದಿನ ಎಂದು ಬಂದರೆ ಅದನ್ನು ಐದರಿಂದ ಗುಣಿಸಿ ಹದಿನೈದು ದಿನ ಕಳೆಯಿರಿ.

ಅಯ್ಯಪ್ಪ ಮಾಲೆ ಹಾಕುವವರಿಗೆ ವ್ರತದ 41 ದಿನ ಕತ್ತರಿ, ಬ್ಲೇಡು ಮುಟ್ಟುವಂತಿಲ್ಲ. ಅವರ ಕಾರ್ಡಿಗೆ 45 ದಿನ ಸೇರಿಸಿ ಬರೆದುಕೊಡುವುದೆಂದು ಮೊದಲೇ ನಿಯಮ ಮಾಡಿಕೊಂಡರೆ ಗಲ್ಲಾದ ಮುಂದೆ ವಾದ ಇರುವುದಿಲ್ಲ.

ಬಹುಮಾನ ಸಿಗುವುದು ಸೋಮ, ಬುಧ, ಗುರುವಾರ ಮಾತ್ರ. ಅದೂ ದುಡ್ಡು ಕೊಟ್ಟು ಕಟಿಂಗ್ ಮಾಡಿಸಿದಾಗ ಅದರ ಜೊತೆಗೆ. ಈ ಎರಡನೇ ಮಾತು ಕಾರ್ಡಿನ ಲೆಕ್ಕವನ್ನೇ ಬದಲಿಸುತ್ತದೆ. ಹಳೆಯ ಕಾರ್ಡಿನಲ್ಲಿ ಬಹುಮಾನದ ದಿನ ಗಲ್ಲಾಕ್ಕೆ 85 ರೂಪಾಯಿ ನಷ್ಟ. ಇಲ್ಲಿ ಕಟಿಂಗಿನ 65 ಬಂದು 48 ಹೋಗುತ್ತದೆ, ಹದಿನೇಳು ರೂಪಾಯಿ ಉಳಿಯುತ್ತದೆ. ಕೆಲಸದವನಿಗೆ ಆ ಒಂದು ಕುರ್ಚಿಯಿಂದ ಕಟಿಂಗಿನ 75, ಮಸಾಜಿನ 40. ಈಗ ಅವನು ಕಾರ್ಡಿನವರನ್ನು ನಾಳೆ ಬನ್ನಿ ಎನ್ನುವುದಿಲ್ಲ, ನಿಮ್ಮದು ಇನ್ನೊಂದು ಮನೆ ಬಾಕಿ ಇದೆ ಎಂದು ತಾನೇ ಜ್ಞಾಪಿಸುತ್ತಾನೆ. ಆ ನಲವತ್ತನ್ನು ತಿಂಗಳ ಲೆಕ್ಕಕ್ಕೆ ಸೇರಿಸದೆ ಆ ದಿನ ಸಂಜೆಯೇ ಕೈಗೆ ಕೊಡಬೇಕು. ಸೇರಿಸಿಟ್ಟರೆ ಮರೆಯುತ್ತದೆ, ಮರೆತರೆ ಹಳೆಯ ಜಗಳ ಮತ್ತೆ ಶುರು.

ಗುರುತು ಬೀಳಲು ಬಿಲ್ಲು ಕನಿಷ್ಠ 120 ಆಗಿರಬೇಕು. ಮಕ್ಕಳ ಕಟಿಂಗ್ ಸೇರಲಿ ಎಂದು ಆ ಮಿತಿ. 80ರ ಶೇವಿಂಗಿಗೆ ಗುರುತು ಕೊಟ್ಟರೆ ವಾರಕ್ಕೊಮ್ಮೆ ಬರುವವರು ಆರು ವಾರದಲ್ಲಿ ಕಾರ್ಡು ಮುಗಿಸುತ್ತಾರೆ, 480ರ ವ್ಯಾಪಾರಕ್ಕೆ 48 ಹೋಗುತ್ತದೆ. ಅವರಿಗೆ ಕಾರ್ಡು ಬೇಕಾಗಿಯೂ ಇಲ್ಲ. ಪೇಪರು, ಫ್ಯಾನು, ಮಾತು ಅವರನ್ನು ಕರೆತರುತ್ತದೆ. ಅಪ್ಪ, ಇಬ್ಬರು ಮಕ್ಕಳು ಒಂದೇ ಕಾರ್ಡಿನಲ್ಲಿ ಮೂರು ಗುರುತು ಕೇಳಿದರೆ ಕೊಡಬಹುದು. ಬೇಗ ತುಂಬುತ್ತದೆ ನಿಜ, ಆದರೆ ಪ್ರತಿ ಗುರುತಿಗೂ ಒಂದು ತಲೆ, ಒಂದು ಬಿಲ್ಲು ಇದೆ. ಮನೆಮಂದಿಯೆಲ್ಲ ಒಂದೇ ಅಂಗಡಿಗೆ ಬರುವುದಕ್ಕಿಂತ ಹೆಚ್ಚೇನು ಬೇಕು.

ಹಬ್ಬದ ಹಿಂದಿನ ಐದು ದಿನ ಬಹುಮಾನ ಬಂದ್. ಯುಗಾದಿ, ಗೌರಿ ಗಣೇಶ, ದೀಪಾವಳಿಗೆ ವಾರದ ಮಧ್ಯವೂ ಭಾನುವಾರದಂತೆಯೇ. ತುಂಬಿದ ಕಾರ್ಡಿಗೆ ಬಹುಮಾನ ಪಡೆಯಲು 45 ದಿನ ಸಮಯ. ಕಾರ್ಡಿನ ಮೇಲೆ "ತಲೆ ಮಸಾಜ್" ಎಂದಷ್ಟೇ ಅಚ್ಚಾಗಬೇಕು, "100 ರೂಪಾಯಿ" ಎಂದಲ್ಲ. ದರ ಏರಿದಾಗ ನೂರು ರೂಪಾಯಿ ಕಳೆದುಕೊಡಿ ಎನ್ನುವವರು ಬಂದೇ ಬರುತ್ತಾರೆ.

ದರ ಇಳಿಸದೆ ಸೇವೆಯಲ್ಲೇ ಬಹುಮಾನ ಕೊಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಅನೇಕ ಊರುಗಳಲ್ಲಿ ಸವಿತಾ ಸಮಾಜದ ಸ್ಥಳೀಯ ಸಂಘ ಒಂದೇ ದರಪಟ್ಟಿ ಮಾಡಿ ಎಲ್ಲ ಅಂಗಡಿಗಳಲ್ಲಿ ತೂಗುಹಾಕಿಸಿರುತ್ತದೆ. ಪಟ್ಟಿಗಿಂತ ಕಡಿಮೆಗೆ ಕಟಿಂಗ್ ಮಾಡಿದರೆ ಸಂಘದಲ್ಲಿ ಮಾತು ಬರುತ್ತದೆ, ಎದುರಿನವರೂ ಮರುದಿನವೇ ಇಳಿಸುತ್ತಾರೆ. ಮಸಾಜ್ ಸೇರಿಸಿ ಕೊಟ್ಟರೆ ಪಟ್ಟಿ ಹಾಗೇ ಇರುತ್ತದೆ.

"ಸಾವಿರ ಕಟ್ಟಿ, ಸಾವಿರದ ಇನ್ನೂರರ ಕೆಲಸ ಮಾಡಿಸಿಕೊಳ್ಳಿ" ಎಂಬ ಮುಂಗಡದ ಯೋಜನೆಯನ್ನೂ ಮಾಲೀಕರು ಯೋಚಿಸಿದ್ದರು. ಹತ್ತು ಜನ ಕಟ್ಟಿದರೆ ಒಮ್ಮೆಗೇ 10,000 ಕೈಗೆ ಬರುತ್ತದೆ. ಅದು ಆ ತಿಂಗಳ ಬಾಡಿಗೆಗೆ ಹೋಗುತ್ತದೆ. ಮುಂದೆ ಐದಾರು ತಿಂಗಳು ಅವರು ಬಂದು ಕೂತಾಗ ಗಲ್ಲಾಕ್ಕೆ ಏನೂ ಬೀಳುವುದಿಲ್ಲ, ಕೆಲಸದವರಿಗೆ ಮಾತ್ರ 12,000ದ ಅರ್ಧ 6,000 ದಿನದಿನವೂ ಎಣಿಸಿಕೊಡಬೇಕು. ಆ ಹಣವನ್ನು ಬೇರೆ ಖಾತೆಯಲ್ಲಿಟ್ಟು, ಕೆಲಸವಾದಂತೆ ತೆಗೆಯುವ ಶಿಸ್ತು ಇಲ್ಲದ ಅಂಗಡಿ ಇದಕ್ಕೆ ಕೈಹಾಕಬಾರದು.

ಕಾರ್ಡು ಎಲ್ಲಿರಬೇಕು, ಗುರುತು ಯಾರು ಹಾಕಬೇಕು

ಕಾರ್ಡು ಗಿರಾಕಿಯ ಪರ್ಸಿನಲ್ಲಿದ್ದರೆ ಮೂರನೇ ಸಲಕ್ಕೆ ಕಳೆದಿರುತ್ತದೆ ಅಥವಾ ಇನ್ನೊಂದು ಪ್ಯಾಂಟಿನಲ್ಲಿರುತ್ತದೆ. ಅಂಗಡಿಯಲ್ಲೇ ಒಂದು ಡಬ್ಬಿಯಲ್ಲಿ, ಮೊಬೈಲಿನ ಕೊನೆಯ ಎರಡು ಅಂಕಿಯ ಕ್ರಮದಲ್ಲಿ ಜೋಡಿಸಿಟ್ಟರೆ ಭಾನುವಾರದ ಗದ್ದಲದಲ್ಲೂ ಅರ್ಧ ನಿಮಿಷದೊಳಗೆ ಸಿಗುತ್ತದೆ. ಕಾರ್ಡಿಗೆ ಕ್ರಮಸಂಖ್ಯೆ ಇರಬೇಕು; ಅದೇ ಸಂಖ್ಯೆ ನೋಟ್‌ಬುಕ್ಕಿನಲ್ಲೂ ಇರಬೇಕು.

ರಬ್ಬರ್ ಸ್ಟ್ಯಾಂಪು ಬೇಡ. ಎಲ್ಲರ ಕೈಗೂ ಸಿಗುತ್ತದೆ, ಯಾರ ಗೆಳೆಯನ ಕಾರ್ಡು ಹೇಗೆ ತುಂಬಿತು ಎಂದು ಪತ್ತೆಯಾಗದು. ಪ್ರತಿ ಮನೆಯಲ್ಲೂ ತಾರೀಖು ಬರೆದು ದುಡ್ಡು ತೆಗೆದುಕೊಂಡವರು ಸಹಿ ಹಾಕಬೇಕು. ಕಾರ್ಡಿನ ತಾರೀಖಿಗೆ ನೋಟ್‌ಬುಕ್ಕಿನಲ್ಲಿ ಬಿಲ್ಲು ಇಲ್ಲದಿದ್ದರೆ ಅಲ್ಲಿ ಏನೋ ಆಗಿದೆ ಎಂದರ್ಥ. ತಿಂಗಳಿಗೆ ಐದು ಕಾರ್ಡು ಎತ್ತಿ ತಾಳೆ ನೋಡಿದರೆ ಸಾಕು; ನೋಡುತ್ತಾರೆ ಎಂದು ಗೊತ್ತಿರುವುದೇ ಮುಕ್ಕಾಲು ಪಾಲು ಕೆಲಸ ಮಾಡುತ್ತದೆ.

ಡಬ್ಬಿ ಅಂಗಡಿಯಲ್ಲಿರುವುದರಿಂದ ಇನ್ನೊಂದು ಅನುಕೂಲವಿದೆ. ಸಲೂನಿನ ಗಿರಾಕಿ ಬಹಳ ಸಲ ಅಂಗಡಿಗಿಂತ ಕೈಗೆ ಒಗ್ಗಿರುತ್ತಾನೆ. ಆ ಕೈ ಬಿಟ್ಟುಹೋಗಿ ಎರಡು ಬೀದಿ ಆಚೆ ಅಂಗಡಿ ಹಾಕಿದರೆ ಗಿರಾಕಿಯೂ ಹಿಂದೆಯೇ ಹೋಗುತ್ತಾನೆ. ಇದನ್ನು ಯಾವ ಕಾರ್ಡೂ ಪೂರ್ತಿ ತಡೆಯದು. ಆದರೆ ಗಿರಾಕಿಗಳ ನಂಬರುಗಳು ಕೆಲಸದವನ ಫೋನಿನಲ್ಲಷ್ಟೇ ಇರುವ ಬದಲು ಅಂಗಡಿಯ ಫೋನಿನಲ್ಲೂ ಇದ್ದರೆ ಅವರಿಗೆ ಒಂದು ಮಾತು ಹೇಳಲಾದರೂ ದಾರಿ ಇರುತ್ತದೆ.

ಗಿಟ್ಟಬೇಕಾದರೆ ಎಷ್ಟು ಸಲ ಹೆಚ್ಚು ಬರಬೇಕು

ಏಳು ತಿಂಗಳಲ್ಲಿ 120 ಕಾರ್ಡು ಕೊಟ್ಟು, ಅದರಲ್ಲಿ ಅರ್ಧ ತುಂಬಿತು ಎಂದಿಟ್ಟುಕೊಳ್ಳಿ. 60 ಮಸಾಜಿಗೆ 2,880, ಅಚ್ಚು ಹಾಕಿಸಿದ್ದಕ್ಕೆ 1,200, ಒಟ್ಟು 4,080. ಒಂದು ಹೆಚ್ಚುವರಿ ಸಲಕ್ಕೆ 75 ಉಳಿಯುವುದಾದರೆ 55 ಸಲ ಹೆಚ್ಚು ಬಂದರೆ ಖರ್ಚು ಹುಟ್ಟುತ್ತದೆ. ಹಳೆಯ ಕಾರ್ಡಿನಲ್ಲಿ ಅದೇ 60 ಮಂದಿಗೆ 9,000 ಹೋಗುತ್ತಿತ್ತು. ಅಚ್ಚಿನ ಖರ್ಚು ಬಿಟ್ಟರೂ 120 ಸಲ ಹೆಚ್ಚು ಬರಬೇಕಿತ್ತು.

55 ಎಂಬುದು ಸುಲಭದ ಸಂಖ್ಯೆಯಲ್ಲ. 45ರಿಂದ 36 ದಿನಕ್ಕೆ ಬಂದವನು ಏಳು ತಿಂಗಳಲ್ಲಿ ಹೆಚ್ಚು ಬರುವುದು ಒಂದು ಸಲಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಇಂಥ 20 ಜನರಿಂದ 24 ಸಲ ಸಿಕ್ಕೀತು. ಉಳಿದದ್ದು ಬರಬೇಕಾದದ್ದು ಬಿಟ್ಟುಹೋಗಲಿದ್ದು ನಿಂತವರಿಂದ. ಎದುರಿನ ಅಂಗಡಿಗೆ ಹೋಗಬಹುದಾಗಿದ್ದ ಒಬ್ಬ ಉಳಿದರೆ ಏಳು ತಿಂಗಳಲ್ಲಿ ನಾಲ್ಕೈದು ಸಲ ಉಳಿಯುತ್ತದೆ. ಅಂಥ ಏಳು ಜನ ಉಳಿದರೆ ಮೂವತ್ತರ ಮೇಲೆ. ಎರಡೂ ಸೇರಿ ಲೆಕ್ಕ ಗಿಟ್ಟುತ್ತದೆ. ಸಣ್ಣ ಅಂಗಡಿಯ ಕಾರ್ಡಿನಲ್ಲಿ ಬೇಗ ಬರುವವರಿಗಿಂತ ಬಿಟ್ಟುಹೋಗದವರಿಂದಲೇ ದುಡ್ಡು ಹುಟ್ಟುವುದು ಎಂಬುದು ಈ ಲೆಕ್ಕದಿಂದ ಕಾಣುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ನೋಟ್‌ಬುಕ್ ತಿರುವಿ, 75 ದಿನದಿಂದ ಕಾಣದವರ ಪಟ್ಟಿ ಮಾಡಬೇಕು. ಕಾರ್ಡು ಇದ್ದವರಲ್ಲಿ ನೂರಕ್ಕೆ ಎಷ್ಟು ಮಂದಿ ಆ ಪಟ್ಟಿಯಲ್ಲಿದ್ದಾರೆ, ಇಲ್ಲದವರಲ್ಲಿ ಎಷ್ಟು ಎಂದು ಹೋಲಿಸಿ. ಎರಡೂ ಕಡೆ ಒಂದೇ ಇದ್ದರೆ ಕಾರ್ಡು ಯಾರನ್ನೂ ಹಿಡಿದಿಡುತ್ತಿಲ್ಲ. ಕಾರ್ಡು ಕೇಳಿ ಪಡೆಯುವವರು ಮೊದಲೇ ಅಂಗಡಿಯ ಮೇಲೆ ಮನಸ್ಸಿದ್ದವರು ಎಂಬುದನ್ನೂ ನೆನಪಿನಲ್ಲಿಡಿ. ಸಣ್ಣ ವ್ಯತ್ಯಾಸ ಕಂಡ ಮಾತ್ರಕ್ಕೆ ಅದು ಕಾರ್ಡಿನದೇ ಫಲ ಎನ್ನಲಾಗದು.

30 ದಿನದವರಿಗೆ ಹೋಗುವ ಮಸಾಜ್ ಲೆಕ್ಕದಲ್ಲಿ ಬರಿಯ ಖರ್ಚೇ, ವರ್ಷಕ್ಕೆ ಒಬ್ಬರಿಗೆ 96 ರೂಪಾಯಿಯವರೆಗೆ. ಅವರನ್ನು ಬಿಟ್ಟು ಉಳಿದವರಿಗೆ ಮಾತ್ರ ಕಾರ್ಡು ಕೊಡೋಣವೆಂದರೆ ಹಳಬರ ಮುಂದೆಯೇ ಹೊಸಬರಿಗೆ ಉಪಚಾರ ಮಾಡಿದಂತಾಗುತ್ತದೆ. ಸೋಮ, ಬುಧ, ಗುರುವಾರದ ನಿಯಮ ಇಲ್ಲಿ ಸ್ವಲ್ಪ ಕಾಯುತ್ತದೆ. ಭಾನುವಾರದ ಗಿರಾಕಿ ಮಸಾಜಿಗಾಗಿ ಬುಧವಾರ ಸಂಜೆ ಬಂದರೆ ಭಾನುವಾರ ಬೆಳಿಗ್ಗೆ ಒಂದು ಕುರ್ಚಿ ಬಿಡುವಾಗುತ್ತದೆ.

ಮೂರನೇ ತಿಂಗಳಿಗೆ ಇನ್ನೆರಡು ಗುರುತು ನೋಡಬೇಕು. ದುಡ್ಡು ಕೊಟ್ಟು ಮಾಡಿಸುವ ಮಸಾಜಿನ ಸಂಖ್ಯೆ ಮೊದಲಿಗಿಂತ ಇಳಿದಿದ್ದರೆ ಕೊಳ್ಳುತ್ತಿದ್ದವರೇ ಈಗ ಪುಕ್ಕಟೆ ಪಡೆಯುತ್ತಿದ್ದಾರೆ, ಬಹುಮಾನ ಬದಲಿಸಬೇಕು. ಕಾರ್ಡಿನ ಮಸಾಜುಗಳು ಒಬ್ಬನೇ ಕೆಲಸದವನ ಹೆಸರಿನಲ್ಲಿ ಬೀಳುತ್ತಿದ್ದರೆ ಒಂದೋ ಅವನ ಕೈಗುಣ, ಇಲ್ಲವೇ ಆ ನಲವತ್ತು ರೂಪಾಯಿ. ತಾಳೆ ನೋಡಿದರೆ ಯಾವುದೆಂದು ತಿಳಿಯುತ್ತದೆ.

ಹಳೆಯ ಕಾರ್ಡುಗಳನ್ನು ಏನು ಮಾಡುವುದು

ಹೊಸದು ಬಂತೆಂದು ಹಳೆಯದನ್ನು ಹರಿದು ಹಾಕುವಂತಿಲ್ಲ. ಕೊಟ್ಟ ಮಾತು ಅದು. ಬೀದಿಯಲ್ಲಿ ಸುಮಾರು 70 ಹಳೆಯ ಕಾರ್ಡು ಓಡಾಡುತ್ತಿವೆ ಎಂದರೆ ಅದರಲ್ಲಿ ಇಪ್ಪತ್ತಾದರೂ ತುಂಬಿ ಬಂದಾವು. ತಲಾ 150ರಂತೆ 3,000 ರೂಪಾಯಿಯ ಹೊರೆ. ಅದನ್ನು ಹೊಸ ಯೋಜನೆಯ ಖರ್ಚಿಗೆ ಸೇರಿಸದೆ ಹಳೆಯ ಸಾಲವೆಂದು ಬೇರೆ ಬರೆಯಬೇಕು. ಮೂರು ತಿಂಗಳ ಕೊನೆಯ ತಾರೀಖು ಕನ್ನಡಿಯ ಪಕ್ಕ ಅಂಟಿಸಿ, ಅಷ್ಟರೊಳಗೆ ತುಂಬಿ ಬಂದವರಿಗೆ ಕಟಿಂಗ್ ಪುಕ್ಕಟೆ ಮಾಡಿ, ಕೆಲಸದವರಿಗೆ ಪೂರ್ತಿ 75 ಕೊಡಬೇಕು. ತುಂಬದ ಕಾರ್ಡಿನ ಗುರುತುಗಳನ್ನು ಹೊಸ ಕಾರ್ಡಿಗೆ ಹಾಗೆಯೇ ಏರಿಸಿಕೊಡಬಹುದು. ಮೂರು ಗುರುತು ಇದ್ದವರಿಗೆ ಎಂಟರಲ್ಲಿ ಐದು ತುಂಬಿದ ಕಾರ್ಡು ಸಿಗುತ್ತದೆ, ಹೆಚ್ಚಿನವರು ಅದನ್ನೇ ಒಪ್ಪುತ್ತಾರೆ. "ಮೊದಲು ಕಟಿಂಗೇ ಕೊಡ್ತಿದ್ರಲ್ಲಣ್ಣಾ" ಎನ್ನುವವರಿಗೆ ವಾದಿಸುವುದು ಬೇಡ. ಅವರ ಹಳೆಯ ಕಾರ್ಡನ್ನೇ ಆ ತಾರೀಖಿನವರೆಗೆ ನಡೆಸಿಕೊಟ್ಟರಾಯಿತು.